CVATನಲ್ಲಿ ಹೊಸಬರ ಮೊದಲ ದಿನ: ನಾನು ಮಾಡೋ ಪ್ಲಾನ್

ನಮ್ದು ರಸ್ತೆ ವಿಡಿಯೋಗಳಲ್ಲಿ ಗಾಡಿಗಳಿಗೆ ಬಾಕ್ಸ್ ಹಾಕೋ ಕೆಲಸ, ಟೂಲ್ CVAT. ಹೊಸಬರು ಬಂದ ತಕ್ಷಣ ಗೈಡ್‌ಲೈನ್ ಪಿಡಿಎಫ್ ಕೈಗೆ ಕೊಟ್ಟು ಓದ್ಕೊಳ್ಳಿ ಅನ್ನೋದು ನಮ್ಮಲ್ಲೂ ಇತ್ತು. ನಾನು ಅದನ್ನ ಮಧ್ಯಾಹ್ನಕ್ಕೆ ತಳ್ಳಿದೀನಿ, ಸ್ಕ್ರೀನೇ ನೋಡದೆ ಓದಿದ್ರೆ ತಲೆಗೆ ಏನೂ ಹತ್ತಲ್ಲ.

ಬೆಳಗ್ಗೆ ಪಕ್ಕದಲ್ಲಿ ಕೂರಿಸ್ಕೊಂಡು ನನ್ನ ಮಾಮೂಲಿ ಜಾಬನ್ನೇ ಮಾಡ್ತೀನಿ, ಆದ್ರೆ ಮನಸಲ್ಲಿ ಓಡೋದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಮಾಡ್ತೀನಿ: ಈ ಬೈಕ್ ಅರ್ಧ ಬಸ್ಸಿನ ಹಿಂದಿದೆ, ಅದಕ್ಕೆ Q ಒತ್ತಿ ಒಕ್ಲೂಡೆಡ್ ಮಾಡ್ತಿದೀನಿ, ಹೀಗೆ. ಸ್ವಲ್ಪ ಹೊತ್ತಾದ್ಮೇಲೆ ಉಲ್ಟಾ, ಮೌಸ್ ನನ್ನ ಕೈಲೇ ಇರುತ್ತೆ, ಮುಂದೇನು ಮಾಡ್ಬೇಕು ಅಂತ ಅವರು ಹೇಳ್ಬೇಕು. ಸುಮ್ನೆ ತಲೆ ಆಡಿಸ್ತಿದ್ದೋರು ಯಾರು ಅಂತ ಇಲ್ಲೇ ಗೊತ್ತಾಗುತ್ತೆ.

ಊಟ ಆದ್ಮೇಲೆ ಪ್ರಾಕ್ಟೀಸ್. ಲೈವ್ ಜಾಬ್ ಮುಟ್ಟಿಸಲ್ಲ, ಸರಿ ಉತ್ತರ ಮೊದ್ಲೇ ಇರೋ ಬೇರೆ ಪ್ರಾಜೆಕ್ಟ್ ಇಟ್ಟಿದೀನಿ. ಮೊದಲು ಫೋಟೋಗಳು. ಹೋದ ಬ್ಯಾಚಿನ ಹುಡುಗಿ ಒಬ್ಳು ಎಲ್ಲಾ ಬಾಕ್ಸನ್ನೂ ನಾಕೂ ಕಡೆ 5 ಪಿಕ್ಸೆಲ್ ಸಡಿಲ ಬಿಟ್ಟು ಎಳೆದಿದ್ಳು, "ಮೇಡಂ, ಬಸ್ ಪಾಸ್ ಆಯ್ತು, ಬೈಕ್ ಯಾಕೆ ಫೇಲು, ಎರಡೂ ಒಂದೇ ಥರ ಹಾಕಿದೀನಲ್ಲ?" ಅಂದ್ಳು. ಪೇಪರ್ ಮೇಲೆ ಲೆಕ್ಕ ಮಾಡಿಸ್ದೆ. ಬಸ್ 200×200 ಪಿಕ್ಸೆಲ್, ಅವಳ ಬಾಕ್ಸ್ 210×210, ಅಂದ್ರೆ 40000ನ 44100ರಿಂದ ಭಾಗಿಸಿದ್ರೆ 0.91 ಹತ್ರ. ದೂರದ ಬೈಕ್ 20×20, ಅವಳದು 30×30, 400 ಭಾಗ 900, ಬರೀ 0.44. ಪಾಸು ಫೇಲು ನಿರ್ಧಾರ ಮಾಡೋ ಐಒಯು ಅಂದ್ರೆ ಇಷ್ಟೇ, ಸರಿ ಉತ್ತರದ ಬಾಕ್ಸೂ ಅವಳ ಬಾಕ್ಸೂ ಒಂದರ ಮೇಲೊಂದು ಬೀಳೋ ಜಾಗನ ಎರಡೂ ಒಟ್ಟಾಗಿ ಹಿಡಿಯೋ ಜಾಗದಿಂದ ಭಾಗಿಸೋದು. ಆಮೇಲಿಂದ ಸಣ್ಣ ಗಾಡಿ ಬಂದ್ರೆ ತಾನೇ ಝೂಮ್ ಮಾಡೋಕೆ ಶುರು ಮಾಡಿದ್ಳು.

ಕೊನೇಗೆ ಟ್ರ್ಯಾಕ್ ಮೋಡಲ್ಲಿ ಒಂದು ಚಿಕ್ಕ ವಿಡಿಯೋ, ಅದ್ರಲ್ಲಿ ಒಂದು ಆಟೋ ಮಧ್ಯದಲ್ಲೇ ಫ್ರೇಮಿಂದ ಆಚೆ ಹೋಗುತ್ತೆ, ಬೇಕಂತಲೇ ಆರಿಸಿರೋದು. ಟ್ರ್ಯಾಕಲ್ಲಿ ಎಲ್ಲಾ ಫ್ರೇಮಲ್ಲೂ ಎಳೀಬೇಕಿಲ್ಲ, ಅಲ್ಲಲ್ಲಿ ಬಾಕ್ಸ್ ಸರಿ ಮಾಡಿದ್ರೆ ನಡುವಿನದ್ದನ್ನ ಟೂಲೇ ತುಂಬುತ್ತೆ, ಆದ್ರೆ ಆಟೋ ಹೋಯ್ತು ಅಂತ ಅದಕ್ಕೆ ಗೊತ್ತಾಗಲ್ಲ, ಆಟೋ ಕಾಣದ ಮೊದಲ ಫ್ರೇಮಲ್ಲಿ O ಒತ್ತದಿದ್ರೆ ಬಾಕ್ಸ್ ಖಾಲಿ ರಸ್ತೆ ಮೇಲೆ ಕೊನೇವರೆಗೂ ದೆವ್ವದ ಥರ ನೇತಾಡ್ತಿರುತ್ತೆ. ನಾನು ಬಾಯಿ ಬಿಡಲ್ಲ, ವಿಡಿಯೋನ ಮೊದಲಿಂದ ಪ್ಲೇ ಮಾಡು ಅಂತೀನಿ ಅಷ್ಟೆ. ಹೆಚ್ಚಿನವರು ಅವರೇ ಕಂಡುಹಿಡೀತಾರೆ. ಸಬ್ಮಿಟ್ ಮಾಡೋ ಮುಂಚೆ ಒಂದ್ಸಲ ಪ್ಲೇ ಮಾಡೋದನ್ನ ನಾನು ಹೇಳದೆ ಮಾಡಿದ್ರೆ ಮಾರನೇ ದಿನ ಲೈವ್ ಜಾಬ್ ಕೊಡ್ತೀನಿ, ಇಲ್ಲಾಂದ್ರೆ ಇನ್ನೊಂದು ಪ್ರಾಕ್ಟೀಸ್ ವಿಡಿಯೋ.