ತೇರಿನ ಫೋಟೋ ಮೇಲೆ ಅಕ್ಷರ ಕೂರಿಸುವ ಕೆಲಸ

ನಮ್ಮೂರ ಜಾತ್ರೆಯ ಪೋಸ್ಟರ್ ಮಾಡುವವನು ನಾನೇ. ತೇರಿನ ಫೋಟೋ ಇರಲೇಬೇಕು ಅಂತ ಎಲ್ಲರಿಗೂ ಆಸೆ. ಆದರೆ ಆ ಫೋಟೋದಲ್ಲಿ ಖಾಲಿ ಜಾಗವೇ ಇರುವುದಿಲ್ಲ. ಮೇಲೆ ಆಕಾಶದ ತುಂಬಾ ಪತಾಕೆ, ನಡುವೆ ಬಣ್ಣಬಣ್ಣದ ತೇರು, ಕೆಳಗೆ ಬರೀ ತಲೆಗಳು. ಇದರ ಮೇಲೆ 'ಬ್ರಹ್ಮರಥೋತ್ಸವ' ಅಂತ ದೊಡ್ಡದಾಗಿ ಬರಬೇಕು, ಕಾರ್ಯಕ್ರಮಗಳ ಪಟ್ಟಿ ಸಣ್ಣದಾಗಿ ಬರಬೇಕು.

ಎರಡಕ್ಕೂ ಒಂದೇ ಉಪಾಯ ನಡೆಯುವುದಿಲ್ಲ. ದೊಡ್ಡ ಅಕ್ಷರದ ಗೆರೆ ದಪ್ಪ. ಹಿಂದೆ ಸಣ್ಣಪುಟ್ಟ ಪತಾಕೆ ಇದ್ದರೂ ಅದಕ್ಕೇನೂ ಆಗದು. ಅರ್ಧ ಪದ ಬೆಳ್ಳನೆ ಆಕಾಶದ ಮೇಲೆ, ಇನ್ನರ್ಧ ಕಪ್ಪು ನೆರಳಿನ ಮೇಲೆ ಬಂದಾಗ ಮಾತ್ರ ಕೆಡುತ್ತದೆ. ಹಾಗಾಗಿ ಅಲ್ಲಿ ಫೋಟೋ ಮಸುಕು ಮಾಡುವುದಿಲ್ಲ. ಫೋಟೋ ತಿದ್ದುವ GIMP ಸಾಫ್ಟ್‌ವೇರ್‌ನಲ್ಲಿ ಕಡು ಕೆಂಪಿನ ಒಂದು ಲೇಯರ್ ಹಾಕಿ, ಮೇಲಿನಿಂದ ಕೆಳಕ್ಕೆ ಕರಗುವ ಹಾಗೆ ಮಾಸ್ಕ್ ಕೊಟ್ಟು, Opacity 60ರ ಸುತ್ತ ಇಡುತ್ತೇನೆ. ಅದರ ಮೇಲೆ ತಿಳಿ ಹಳದಿ ಅಕ್ಷರ ನಿಲ್ಲುತ್ತದೆ.

ಪಟ್ಟಿಯ ಕಷ್ಟ ಬೇರೆ. A3 ಹಾಳೆಗೆ 300 ಡಿಪಿಐ ಇಟ್ಟರೆ 36 ಪಾಯಿಂಟ್ ಅಂದರೆ 150 ಪಿಕ್ಸೆಲ್. ಅಕ್ಷರದ ಗೆರೆ ಅದರಲ್ಲಿ ಒಂದು ಸಣ್ಣ ಪಾಲು. ಜನರ ಕಣ್ಣು, ಮೂಗು, ಅಂಗಿಯ ಚೌಕಳಿ ಎಲ್ಲವೂ ಹೆಚ್ಚುಕಡಿಮೆ ಅಷ್ಟೇ ದಪ್ಪ. ಅದಕ್ಕೇ ಕೊಂಬು ಯಾವುದು, ಅಂಗಿಯ ಗೆರೆ ಯಾವುದು ಅಂತ ಕಣ್ಣಿಗೆ ತಿಳಿಯುವುದಿಲ್ಲ. ಸುಮ್ನೆ ಕಪ್ಪು ಮಾಡಿದರೂ ಆ ಗೆರೆಗಳು ಉಳಿದೇ ಇರುತ್ತವೆ, ಅಲ್ವಾ? ಫೋಟೋದ ನಕಲು ಲೇಯರ್‌ಗೆ Gaussian Blur 40 ಕೊಟ್ಟು, ಪಟ್ಟಿ ಬರುವ ಕಡೆ ಮಾತ್ರ ಕಾಣಿಸುವಂತೆ ಮಾಡುತ್ತೇನೆ. ಕಪ್ಪು ಲೇಯರ್ ಆಮೇಲೆ. ಫೋನ್ ನಂಬರಿಗೆ ಇದೂ ಸಾಲದು, ಅದರ ಹಿಂದೆ ಗಟ್ಟಿ ಬಣ್ಣದ ಪಟ್ಟೆಯೇ ಬೇಕು.

ಅಕ್ಷರದ ಸುತ್ತ ಅಂಚು ಕೊಡುವಾಗ ಕನ್ನಡಕ್ಕೆ ಜಾಸ್ತಿ ಎಚ್ಚರ ಬೇಕು. ಗೆರೆಯ ಮೇಲೆಯೇ ಅಂಚು ಎಳೆದರೆ ಅದು ಒಳಗೂ ತಿನ್ನುತ್ತದೆ, ತೆಳ್ಳಗಿನ ಒತ್ತಕ್ಷರ ಕರಗಿಹೋಗುತ್ತದೆ. ಅದಕ್ಕೆ ಅಕ್ಷರವನ್ನು Alpha to Selection ಮಾಡಿ, Growನಿಂದ ಸ್ವಲ್ಪ ಹಿಗ್ಗಿಸಿ, ಅಕ್ಷರದ ಕೆಳಗೆ ಇನ್ನೊಂದು ಲೇಯರ್‌ನಲ್ಲಿ ಕಡುಬಣ್ಣ ತುಂಬುತ್ತೇನೆ. ಸಾಲುಗಳ ನಡುವೆ ಜಾಗವನ್ನೂ ಧಾರಾಳವಾಗಿ ಬಿಡಬೇಕು. 'ಬ್ರಹ್ಮರಥೋತ್ಸವ'ದ ಒತ್ತುಗಳು ಕೆಳಗಿಳಿಯುತ್ತವೆ, ಮುಂದಿನ ಸಾಲಿನ ಗುಡಿಸು ಮೇಲೇರುತ್ತದೆ. ಎರಡರ ಅಂಚೂ ತಾಗಿದರೆ ಅಲ್ಲೊಂದು ಕಪ್ಪು ಮುದ್ದೆ ಕಾಣುತ್ತದೆ.

ಪರೀಕ್ಷೆಗೆ ಎರಡೇ ಕೆಲಸ. ಮೊದಲು Desaturate ಮಾಡಿ ಬಣ್ಣ ತೆಗೆಯುತ್ತೇನೆ. ಕೆಂಪಿನ ಮೇಲಿನ ಹಸಿರು ಅಕ್ಷರ ಬಣ್ಣದಲ್ಲಿ ಎದ್ದು ಕಂಡರೂ ಇಲ್ಲಿ ಮಾಯವಾಗಬಹುದು. ಆಮೇಲೆ ಚಿತ್ರವನ್ನು ಫೋನಿಗೆ ಕಳಿಸಿ ನೋಡುತ್ತೇನೆ. ಸುಮಾರು 30 ಸೆಂಟಿಮೀಟರ್ ಅಗಲದ ಪೋಸ್ಟರ್ ಅಲ್ಲಿ ಏಳಕ್ಕೆ ಇಳಿಯುತ್ತದೆ. 36 ಪಾಯಿಂಟ್ ಅಕ್ಷರ ಸುಮಾರು ಎಂಟೂವರೆಯಾಗುತ್ತದೆ, ಓದಬಹುದು. 24 ಇಟ್ಟರೆ ಸುಮಾರು ಐದೂವರೆಯಾಗುತ್ತದೆ, ಒತ್ತಕ್ಷರ ಬಿಡಿಸಲಾಗುವುದಿಲ್ಲ. ಆಗ ಅಕ್ಷರ ಇನ್ನೂ ಸಣ್ಣ ಮಾಡುವ ಬದಲು, ಪಟ್ಟಿಯಿಂದ ಎರಡು ಸಾಲು ತೆಗೆಯೋಣ ಅಂತ ಸಮಿತಿಯವರಿಗೆ ಹೇಳುತ್ತೇನೆ.