ಇಪ್ಪತ್ತಕ್ಕೆ ಹತ್ತು ಸೇರಿದರೆ ಇಪ್ಪತ್ತೆಂಟು: ರಿಯಾಯಿತಿಯ ಮೇಲೆ ರಿಯಾಯಿತಿ ಲೆಕ್ಕ ಹಾಕುವುದು ಹೇಗೆ?

ಆಷಾಢ ಬಂತೆಂದರೆ ಬಟ್ಟೆ ಅಂಗಡಿಗಳ ಮುಂದೆ ‘20% + 10% ರಿಯಾಯಿತಿ’ ಎಂಬ ಬೋರ್ಡು ಕಾಣಿಸಿಕೊಳ್ಳುತ್ತದೆ. ಓದಿದವರ ತಲೆಯಲ್ಲಿ ಥಟ್ಟನೆ ಮೂಡುವ ಸಂಖ್ಯೆ 30. 2,400 ರೂಪಾಯಿಯ ಸೀರೆಗೆ 720 ರೂಪಾಯಿ ಕಡಿಮೆಯಾಗಿ 1,680ಕ್ಕೆ ಸಿಗುತ್ತದೆಂದು ಎಣಿಸಿಕೊಂಡು ಕೌಂಟರಿಗೆ ಹೋದರೆ ಬಿಲ್ಲಿನಲ್ಲಿ 1,728 ಎಂದಿರುತ್ತದೆ. ಇಲ್ಲಿ ಅಂಗಡಿಯವರು ಲೆಕ್ಕ ತಪ್ಪಿಲ್ಲ. ಹೆಚ್ಚಾಗಿ ಕಂಡ ಆ 48 ರೂಪಾಯಿ ಎಲ್ಲಿಂದ ಬಂತು ಎಂಬುದನ್ನು ಇದೇ ಸೀರೆಯ ಬೆಲೆ ಇಟ್ಟುಕೊಂಡು ನೋಡೋಣ.

ಮೊದಲು ಒಂದೇ ರಿಯಾಯಿತಿ

ಶೇಕಡಾ 20 ಎಂದರೆ ನೂರಕ್ಕೆ ಇಪ್ಪತ್ತು. 2,400ರಲ್ಲಿ 24 ನೂರುಗಳಿವೆ. ಒಂದೊಂದು ನೂರಕ್ಕೂ 20 ರೂಪಾಯಿ ಬಿಟ್ಟರೆ ಒಟ್ಟು ಬಿಟ್ಟದ್ದು 480, ಕೊಡಬೇಕಾದದ್ದು 1,920.

ಬಾಯಿಲೆಕ್ಕದಲ್ಲಿ ಮಾಡುವುದಾದರೆ ಮೊದಲು ಶೇ 10 ಹಿಡಿಯಿರಿ. ಕೊನೆಯ ಸೊನ್ನೆ ತೆಗೆದರೆ 240. ಅದು ಹತ್ತರಲ್ಲಿ ಒಂದು ಪಾಲು. ಶೇ 20 ಬೇಕಿದ್ದರೆ ಅದರ ಎರಡರಷ್ಟು, ಶೇ 5 ಬೇಕಿದ್ದರೆ ಅದರ ಅರ್ಧ. ಶೇ 15ಕ್ಕೆ 240 ಮತ್ತು 120 ಕೂಡಿಸಿದರೆ 360. ಹೀಗೆ ಕೂಡಿಸುವುದು ಸರಿಯೇ, ಏಕೆಂದರೆ ಎರಡು ತುಂಡುಗಳೂ ಅದೇ 2,400ರಿಂದ ಬಂದವು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ದಾರಿಯಿದೆ, ಅದೇ ಹೆಚ್ಚು ಉಪಯೋಗದ್ದು. ಎಷ್ಟು ಬಿಟ್ಟರು ಎಂದು ನೋಡುವ ಬದಲು ಎಷ್ಟು ಕೊಡಬೇಕು ಎಂದು ನೋಡುವುದು. ನೂರಕ್ಕೆ 20 ಬಿಟ್ಟರೆ ಕೊಡುವುದು ನೂರಕ್ಕೆ 80. ಆದ್ದರಿಂದ 2,400 × 0.80 = 1,920. ಕಳೆಯುವ ಕೆಲಸವೇ ತಪ್ಪಿತು.

ಎರಡನೆಯದು ಯಾವ ಬೆಲೆಯ ಮೇಲೆ?

ಬೋರ್ಡಿನ ‘+’ ಗುರುತು ಕೂಡಿಸಿ ಎಂದು ಹೇಳುತ್ತಿಲ್ಲ. ಮೊದಲನೆಯದು ಮುಗಿದ ಮೇಲೆ ಇದೂ ಉಂಟು ಎನ್ನುತ್ತಿದೆ. ಶೇ 20 ಕಳೆದ ಮೇಲೆ ಸೀರೆಯ ಬೆಲೆ 1,920. ಶೇ 10 ಬರುವುದು ಈ 1,920ರ ಮೇಲೆ, ಅಂದರೆ 192 ರೂಪಾಯಿ. 2,400ರ ಮೇಲೆ ಬಂದಿದ್ದರೆ 240 ಆಗುತ್ತಿತ್ತು. 240ಕ್ಕೂ 192ಕ್ಕೂ ಇರುವ ಅಂತರವೇ ಆ 48.

ಕೊಡುವ ಪಾಲಿನ ದಾರಿಯಲ್ಲಿ ಇದು ಒಂದೇ ಸಾಲು:

```
2400 × 0.80 × 0.90 = 1728
```

0.80 × 0.90 ಎಂದರೆ 0.72. ನೂರಕ್ಕೆ 72 ಕೊಡುತ್ತಿದ್ದೀರಿ, ಹಾಗಾಗಿ ನಿಜವಾಗಿ ಸಿಕ್ಕ ರಿಯಾಯಿತಿ ಶೇ 28.

ಕಣ್ಣಾರೆ ಕಾಣಬೇಕೆಂದರೆ ಮಕ್ಕಳ ಚೌಕುಳಿ ಪುಸ್ತಕದ ಒಂದು ಹಾಳೆ ತೆಗೆದುಕೊಳ್ಳಿ. ಅಡ್ಡ ಹತ್ತು, ಉದ್ದ ಹತ್ತು ಮನೆಗಳ ಚೌಕ ಗುರುತಿಸಿದರೆ ನೂರು ಮನೆಗಳಾದವು. ಇಡೀ ಚೌಕ ಸೀರೆಯ ಬೆಲೆಯಾದರೆ ಒಂದು ಮನೆಗೆ 24 ರೂಪಾಯಿ. ಶೇ 20 ಎಂದು ಎಡಗಡೆಯ ಎರಡು ಕಂಬಸಾಲುಗಳಿಗೆ ಪೆನ್ಸಿಲ್ ಗೀಚಿ: 20 ಮನೆ ಹೋಯಿತು. ಈಗ ಶೇ 10 ಎಂದು ಮೇಲಿನ ಒಂದು ಅಡ್ಡಸಾಲನ್ನು ಗೀಚಿ. ಆ ಸಾಲಿನಲ್ಲಿ ಮನೆ ಹತ್ತಿದ್ದರೂ ಎಡತುದಿಯ ಎರಡಕ್ಕೆ ಆಗಲೇ ಗೀಚಾಗಿದೆ. ಹೊಸದಾಗಿ ಹೋಗುವುದು ಎಂಟೇ. 20 ಮತ್ತು 8 ಸೇರಿ 28. ಎರಡು ಸಲ ಗೀಚಿಸಿಕೊಂಡ ಆ ಮೂಲೆಯ ಎರಡು ಮನೆಗಳ ಬೆಲೆ 48 ರೂಪಾಯಿ. ಒಮ್ಮೆ ಬಿಟ್ಟ ದುಡ್ಡನ್ನು ಅಂಗಡಿಯವರು ಮತ್ತೆ ಬಿಡಲಾಗುವುದಿಲ್ಲ.

ಸೂತ್ರವೂ ಈ ಚಿತ್ರದಿಂದಲೇ ಹುಟ್ಟುತ್ತದೆ. ಎರಡನ್ನೂ ಕೂಡಿಸಿ, ಎರಡರ ಗುಣಲಬ್ಧವನ್ನು ನೂರರಿಂದ ಭಾಗಿಸಿ ಕಳೆಯಿರಿ: 20 + 10 − (20 × 10 ÷ 100) = 28. ರಿಯಾಯಿತಿ ದೊಡ್ಡದಾದಷ್ಟೂ ಆ ಮೂಲೆ ದೊಡ್ಡದಾಗುತ್ತದೆ. ‘50% + 20%’ ಎಂಬಲ್ಲಿ ಕಳೆಯಬೇಕಾದದ್ದು 10, ಸಿಗುವುದು ಶೇ 60. ‘50% + 50%’ ಎಂದರೆ ಬಟ್ಟೆ ಪುಕ್ಕಟೆಯಲ್ಲ, ಶೇ 75. ಮೂರು ರಿಯಾಯಿತಿಗಳಿದ್ದರೆ ಸೂತ್ರದ ಗೊಡವೆ ಬಿಟ್ಟು ಕೊಡುವ ಪಾಲುಗಳನ್ನು ಗುಣಿಸುತ್ತ ಹೋಗುವುದೇ ಸುಲಭ.

ಯಾವುದು ಮೊದಲು?

ಶೇ 10 ಮೊದಲು ಕಳೆದು ಆಮೇಲೆ ಶೇ 20 ಕಳೆದರೆ ಲಾಭವೇ? 2,400ರಿಂದ 240 ಹೋಗಿ 2,160, ಅದರ ಶೇ 20 ಎಂದರೆ 432 ಹೋಗಿ 1,728. ಅದೇ ಮೊತ್ತ. ಗುಣಾಕಾರದಲ್ಲಿ ಯಾವ ಸಂಖ್ಯೆ ಮೊದಲು ಬಂದರೂ ಉತ್ತರ ಬದಲಾಗದು.

ಆದರೆ ಒಂದು ಶೇಕಡಾವಾರು, ಇನ್ನೊಂದು ರೂಪಾಯಿ ಲೆಕ್ಕದ ಕೂಪನ್ ಆಗಿದ್ದರೆ ಕ್ರಮ ಮುಖ್ಯವಾಗುತ್ತದೆ. ನಿಮ್ಮ ಕೈಯಲ್ಲಿ 200 ರೂಪಾಯಿಯ ಕೂಪನ್ ಇದೆ, ಸೀರೆಗೆ ಶೇ 20 ರಿಯಾಯಿತಿ ಇದೆ ಎನ್ನಿ. ಶೇ 20 ಮೊದಲು ಕಳೆದರೆ 1,920, ಅದರಿಂದ 200 ಹೋಗಿ 1,720. ಕೂಪನ್ ಮೊದಲು ಕಳೆದರೆ 2,200, ಅದರ ಶೇ 20 ಹೋಗಿ 1,760. ನಲವತ್ತು ರೂಪಾಯಿ ಹೆಚ್ಚು ತೆರುತ್ತೀರಿ, ಏಕೆಂದರೆ ಕೂಪನ್ ಕಳೆದ 200 ರೂಪಾಯಿಗೆ ಶೇ 20 ಸಿಗದೇ ಹೋಯಿತು. ಕೂಪನ್ ಕೊನೆಯಲ್ಲಿ ಕಳೆಯುತ್ತಾರೆಯೇ ಎಂದು ಬಿಲ್ ಹಾಕುವ ಮುಂಚೆಯೇ ಕೇಳಿ.

ಕಾರ್ಡಿನ ರಿಯಾಯಿತಿಯಲ್ಲಿ ಮತ್ತೊಂದು ತೊಡಕು. ‘ಶೇ 10, ಗರಿಷ್ಠ 150 ರೂಪಾಯಿ’ ಎಂದು ಸಣ್ಣಕ್ಷರದಲ್ಲಿದ್ದರೆ 1,500 ರೂಪಾಯಿವರೆಗೆ ಮಾತ್ರ ಅದು ನಿಜವಾದ ಶೇ 10. ನಮ್ಮ ಸೀರೆಗೆ 192 ಸಿಗಬೇಕಾದ ಕಡೆ 150 ಸಿಕ್ಕಿ ಬಿಲ್ಲು 1,770 ಆಗುತ್ತದೆ. ಲೆಕ್ಕ 1,728ಕ್ಕೆ ಕೂರದಿದ್ದರೆ ಮೊದಲು ಈ ಮಿತಿಯನ್ನೇ ಹುಡುಕಿ.

ಬಿಲ್ಲನ್ನು ತಾಳೆ ನೋಡುವುದು

ಬಿಲ್ಲಿನಲ್ಲಿ ಚೀಟಿಯ ಬೆಲೆ ಮತ್ತು ಒಟ್ಟು ರಿಯಾಯಿತಿ ಎರಡೂ ಇದ್ದರೆ, ರಿಯಾಯಿತಿಯನ್ನು ಚೀಟಿಯ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸಿ. 672 ÷ 2,400 × 100 = 28. ಇಷ್ಟು ಬಂದರೆ ಸರಿ. ಇಲ್ಲಿ 1,728ರಿಂದ ಭಾಗಿಸಬಾರದು. ಹಾಗೆ ಮಾಡಿದರೆ ಸುಮಾರು 38.9 ಬಂದು ಸಿಕ್ಕಿದ್ದಕ್ಕಿಂತ ದೊಡ್ಡ ರಿಯಾಯಿತಿ ಕಾಣಿಸುತ್ತದೆ. ಕ್ಯಾಲ್ಕುಲೇಟರಿನಲ್ಲಿ ‘%’ ಗುಂಡಿ ಎಲ್ಲದರಲ್ಲೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಅದನ್ನು ನಂಬುವುದಕ್ಕಿಂತ 0.80, 0.90 ಎಂದು ಒತ್ತುವುದು ಮೇಲು.

ಸೀರೆಯ ಚೀಟಿ ಕಳೆದುಹೋಗಿ, 1,728 ಕೊಟ್ಟದ್ದು ಮತ್ತು ಶೇ 28 ರಿಯಾಯಿತಿ ಸಿಕ್ಕಿದ್ದು ಮಾತ್ರ ನೆನಪಿದ್ದರೆ ಮೂಲ ಬೆಲೆ ಹೇಗೆ ತಿಳಿಯುವುದು? ಹಲವರು 1,728ಕ್ಕೆ ಅದರ ಶೇ 28 ಸೇರಿಸುತ್ತಾರೆ. ಬರುವುದು 2,211 ರೂಪಾಯಿ 84 ಪೈಸೆ, 2,400 ಅಲ್ಲ. ಶೇ 28 ಬಿಟ್ಟದ್ದು 2,400ರಲ್ಲಿ, ಸೇರಿಸಿದ್ದು 1,728ರ ಶೇ 28. ಅದರ ಬದಲು ಕೊಟ್ಟ ಹಣವನ್ನು ಕೊಟ್ಟ ಪಾಲಿನಿಂದ ಭಾಗಿಸಿ: 1,728 ÷ 0.72. ಚೀಟಿಯ 2,400 ತಿರುಗಿ ಸಿಗುತ್ತದೆ.