ಸಲ್ಲೇಖನದ ತೀರ್ಪನ್ನು ಓದುವುದು ಹೇಗೆ?

ನಮ್ಮಜ್ಜಿ ಹೋಗುವ ಮುಂಚೆ ಒಂಬತ್ತು ದಿನ ಊಟ ಬಿಟ್ಟಿದ್ದರು. ಗಂಜಿ ಬಾಯಿಯ ಹತ್ತಿರ ಹಿಡಿದರೆ ಮುಖ ಆಚೆ ತಿರುಗಿಸುತ್ತಿದ್ದರು. "ಸಾಕು ಮಗಾ" ಅಂತ ಒಂದೇ ಮಾತು. ಸೋಮವಾರಪೇಟೆಯಿಂದ ಬಂದ ಡಾಕ್ಟರು ನೋಡಿ, ಒತ್ತಾಯ ಮಾಡಿ ತಿನ್ನಿಸಬೇಡಿ, ಅದು ಶ್ವಾಸಕೋಶಕ್ಕೆ ಹೋದೀತು, ತುಟಿ ಒದ್ದೆ ಮಾಡ್ತಾ ಇರಿ ಸಾಕು ಎಂದರು. ಹತ್ತಿಯನ್ನು ನೀರಲ್ಲಿ ಅದ್ದಿ ತುಟಿಗೆ ಹಚ್ಚುವ ಕೆಲಸ ನನಗೆ ಬಿತ್ತು. ಯಾರೂ ಪೊಲೀಸರಿಗೆ ಫೋನ್ ಮಾಡಲಿಲ್ಲ. ಮಾಡಬೇಕು ಅಂತ ಯಾರಿಗೂ ಹೊಳೆಯಲೂ ಇಲ್ಲ.

ಅದೇ ಅಜ್ಜಿ ಜೈನರಾಗಿದ್ದು, ಗುರುಗಳ ಮುಂದೆ ಕೈ ಮುಗಿದು "ಇನ್ನು ಆಹಾರ ಬಿಡುತ್ತೇನೆ" ಎಂದು ಸಲ್ಲೇಖನ ವ್ರತ ಹಿಡಿದಿದ್ದರೆ? 2015ರ ಆಗಸ್ಟ್‌ನಲ್ಲಿ, ರಾಜಸ್ಥಾನದಲ್ಲಿ, ಅದು ಮೂರು ವಾರಗಳ ಕಾಲ ಅಪರಾಧವಾಗಿತ್ತು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಅದನ್ನು ಅಪರಾಧ ಎಂದ ರಾಜಸ್ಥಾನ ಹೈಕೋರ್ಟಿನ ತೀರ್ಪನ್ನು ಸ್ವಲ್ಪ ನಿಧಾನವಾಗಿ ಓದಬೇಕು. ನಾನು ಓದಿದ ಕ್ರಮ ಇದು.

ಮೊದಲು, ಉಪವಾಸಗಳನ್ನು ಬೇರೆ ಬೇರೆ ಮಾಡಿಕೊಳ್ಳಿ

ಊಟ ಬಿಟ್ಟವರೆಲ್ಲ ಒಂದೇ ಕೆಲಸ ಮಾಡುತ್ತಿಲ್ಲ. ಸಾಯುತ್ತಿರುವ ದೇಹಕ್ಕೆ ಹಸಿವು ತಾನಾಗಿಯೇ ಹೋಗುತ್ತದೆ. ನಮ್ಮಜ್ಜಿಯದು ಅದು. ಬೇಡಿಕೆ ಇಟ್ಟು ಸರ್ಕಾರದ ಮುಂದೆ ಕೂರುವುದು ಸತ್ಯಾಗ್ರಹ. ಅಲ್ಲಿ ಸಾಯುವ ಉದ್ದೇಶವಿಲ್ಲ, ಬೇಡಿಕೆ ಈಡೇರಿದರೆ ಎಳನೀರು ಕುಡಿದು ಏಳುತ್ತಾರೆ. ಬದುಕು ಸಾಕಾಗಿ, ಮನಸ್ಸು ಕುಸಿದು ಊಟ ಬಿಡುವುದು ಕಾಯಿಲೆ. ಅದಕ್ಕೆ ಬೇಕಾದ್ದು ವೈದ್ಯರು, ಗುರುಗಳಲ್ಲ. ಮನೆಯಲ್ಲಿ ಯಾರಾದರೂ ಹಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಇವತ್ತೇ ಫೋನ್ ಮಾಡಿ. ಈ ಲೇಖನ ಆಮೇಲೆ ಓದಿದರಾಯಿತು.

ಸಲ್ಲೇಖನ ಈ ಮೂರೂ ಅಲ್ಲ ಎಂಬುದು ಜೈನರ ವಾದ. ನಮ್ಮ ಕಡೆಯ ದಿಗಂಬರರು ಸಲ್ಲೇಖನ, ಸಮಾಧಿ ಮರಣ ಎನ್ನುತ್ತಾರೆ. ಉತ್ತರದ ಶ್ವೇತಾಂಬರರಲ್ಲಿ ಸಂಥಾರ ಎಂಬ ಹೆಸರು ಜಾಸ್ತಿ. ಸಂಥಾರ ಅಂದರೆ ಹಾಸಿಗೆ, ಕೊನೆಗೆ ಮಲಗುವ ಹುಲ್ಲಿನ ಹಾಸಿಗೆ.

ಎರಡನೆಯದಾಗಿ, ವ್ರತದ ನಿಯಮವನ್ನೇ ಓದಿ

ತುಂಬ ಜನ ಈ ಹೆಜ್ಜೆ ಬಿಟ್ಟು ನೇರ ಜಗಳಕ್ಕೆ ಹೋಗುತ್ತಾರೆ. ನಿಯಮ ಇರುವುದು ಜೈನ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಎಂಬ ಗ್ರಂಥದಲ್ಲಿ. ಯಾವಾಗ ವ್ರತ ಹಿಡಿಯಬಹುದು ಎಂಬುದಕ್ಕೆ ಅದು ನಾಲ್ಕು ಸಂದರ್ಭ ಹೇಳುತ್ತದೆ: ದೊಡ್ಡ ಆಪತ್ತು, ಬರಗಾಲ, ಮುಪ್ಪು, ರೋಗ. ಜೊತೆಗೆ ಒಂದು ಬೀಗವನ್ನೂ ಹಾಕಿದೆ. ಇವು "ನಿಃಪ್ರತೀಕಾರ" ಆಗಿರಬೇಕು, ಅಂದರೆ ಏನು ಮಾಡಿದರೂ ಪರಿಹಾರವಿಲ್ಲ ಎನ್ನುವಂತಿರಬೇಕು. ಔಷಧಿಯಿಂದ ವಾಸಿಯಾಗುವ ಕಾಯಿಲೆ ಇದರಲ್ಲಿ ಬರುವುದಿಲ್ಲ.

ಇದನ್ನು ವಿವರಿಸಲು ಇನ್ನೊಬ್ಬ ಜೈನ ಆಚಾರ್ಯ ಪೂಜ್ಯಪಾದರು ಒಬ್ಬ ವ್ಯಾಪಾರಿಯ ಉದಾಹರಣೆ ಕೊಡುತ್ತಾರೆ. ಅವನ ಉಗ್ರಾಣಕ್ಕೆ ಬೆಂಕಿ ಬಿದ್ದಿದೆ. ಉಗ್ರಾಣ ಸುಡಲಿ ಎಂದು ಅವನಿಗೆ ಆಸೆಯೇನಿಲ್ಲ. ಮೊದಲು ಬೆಂಕಿ ಆರಿಸಲು ನೋಡುತ್ತಾನೆ. ಆಗದೇ ಹೋದಾಗ ಒಳಗಿನ ಸರಕನ್ನಾದರೂ ಉಳಿಸಿಕೊಳ್ಳುತ್ತಾನೆ. ಉಗ್ರಾಣ ದೇಹ, ಸರಕು ಅವನು ಪಾಲಿಸಿಕೊಂಡು ಬಂದ ವ್ರತ, ಶೀಲ. ನಮ್ಮ ಕಾಫಿ ಗೋದಾಮುಗಳಿಗೂ ಈ ಉಪಮೆ ಸರಿಯಾಗಿ ಕೂರುತ್ತದೆ.

ಮತ್ತೊಂದು ನಿಯಮ ತತ್ತ್ವಾರ್ಥ ಸೂತ್ರ ಎಂಬ ಜೈನ ಗ್ರಂಥದ ಏಳನೇ ಅಧ್ಯಾಯದಲ್ಲಿದೆ. ಸಲ್ಲೇಖನ ಹಿಡಿದವರು ಮಾಡಬಾರದ ಐದು ತಪ್ಪುಗಳ ಪಟ್ಟಿ ಅದು. ಇನ್ನೂ ಬದುಕಬೇಕೆಂಬ ಆಸೆ ಮೊದಲನೆಯ ತಪ್ಪು. ಎರಡನೆಯದು ಬೇಗ ಸಾಯಬೇಕೆಂಬ ಆಸೆ! ಹೌದು, ಸಾವನ್ನು ಬಯಸಿದರೆ ವ್ರತಕ್ಕೆ ದೋಷ ತಗಲುತ್ತದೆ. ಇದು ಆತ್ಮಹತ್ಯೆ ಎನ್ನುವವರು ಮೊದಲು ಉತ್ತರ ಕೊಡಬೇಕಾದ್ದು ಈ ಸಾಲಿಗೆ.

ಗುರುವಿನ ಒಪ್ಪಿಗೆ ಇಲ್ಲದೆ ವ್ರತವಿಲ್ಲ. ಗುರು ಬೇಡ ಎನ್ನಲೂ ಬಹುದು. ನಿಯಮ ಬರೆದ ಸಮಂತಭದ್ರರ ಬಗ್ಗೆಯೇ ಒಂದು ಕಥೆ ಇದೆ. ಅವರಿಗೆ ಭಸ್ಮಕ ರೋಗ ಬಂತಂತೆ, ಎಷ್ಟು ತಿಂದರೂ ಹಸಿವು ತೀರದ ಕಾಯಿಲೆ. ಗುರುಗಳ ಹತ್ತಿರ ಹೋಗಿ ಸಲ್ಲೇಖನಕ್ಕೆ ಅಪ್ಪಣೆ ಕೇಳಿದರು. ಗುರುಗಳು ಕೊಡಲಿಲ್ಲ. ನಿನ್ನಿಂದ ಆಗಬೇಕಾದ ಕೆಲಸ ಇನ್ನೂ ಇದೆ ಎಂದು ವಾಪಸ್ ಕಳಿಸಿದರು. ಕಥೆ ಎಷ್ಟು ನಿಜವೋ ಗೊತ್ತಿಲ್ಲ, ಆದರೆ ಕೇಳಿದ ತಕ್ಷಣ ಸಿಗುವ ಅಪ್ಪಣೆ ಅದಲ್ಲ ಎಂಬುದನ್ನು ಪರಂಪರೆ ನೆನಪಿಟ್ಟುಕೊಂಡಿದೆ.

ಮೂರನೆಯದಾಗಿ, ಕಲ್ಲನ್ನೂ ಓದಿ

ಶನಿವಾರಸಂತೆ ಹತ್ತಿರದ ಮುಳ್ಳೂರಿನಲ್ಲಿ ಮೂರು ಹಳೆಯ ಬಸದಿಗಳಿವೆ. ಕೊಂಗಾಳ್ವ ಅರಸರ ಕಾಲದವು. ಅರಸಿ ಪೋಚಬ್ಬರಸಿ, ಗುರು ಗುಣಸೇನ ಪಂಡಿತರ ಹೆಸರುಗಳು ಅಲ್ಲಿಯ ಶಾಸನಗಳಲ್ಲಿವೆ. ಕೊಡಗಿನಲ್ಲಿ ಜೈನರು ಎಲ್ಲಿದ್ದರು ಎಂದು ಕೇಳುವವರನ್ನು ನಾನು ಸುಮ್ನೆ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ ಕಟ್ಟಿ ಅಕ್ಷರ ಕಾಣುವುದಿಲ್ಲ, ಬೇಸಿಗೆಯಲ್ಲಿ ಹೋಗಿ.

ನನ್ನನ್ನು ತುಂಬ ಕಾಡಿದ ಕಲ್ಲು ಮಾತ್ರ ಶ್ರವಣಬೆಳಗೊಳದ್ದು. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಆಮೇಲೆ ಅವಳ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಗುರುಗಳ ಎದುರಿನಲ್ಲಿ ವ್ರತ ಹಿಡಿದು, ಒಂದು ತಿಂಗಳ ಉಪವಾಸದ ನಂತರ ಪ್ರಾಣ ಬಿಟ್ಟಳು. ಅರೆಮುಚ್ಚಿದ ಕಣ್ಣು, ಬಾಯಲ್ಲಿ ಪಂಚಪದ ಎಂಬ ಜೈನ ಮಂತ್ರ, ನೆಂಟರನ್ನು ಬೀಳ್ಕೊಂಡ ರೀತಿ, ಇಷ್ಟನ್ನೂ ಶಾಸನ ಕೊಂಡಾಡುತ್ತದೆ.

ಇದನ್ನೇ ಇವತ್ತಿನ ವಕೀಲರ ಕಣ್ಣಿನಿಂದ ನೋಡಿ. ಮಗಳು ಸತ್ತ ದುಃಖದಲ್ಲಿದ್ದ ತಾಯಿ. ವ್ರತ ಹಿಡಿದದ್ದು ಮುಪ್ಪಿಗೋ, ದುಃಖಕ್ಕೋ? ಕಲ್ಲು ಹೇಳುವುದಿಲ್ಲ. ಕಲ್ಲು ಹಾಕಿಸಿದವರು ಹೊಗಳುವುದಕ್ಕೆಂದೇ ಹಾಕಿಸಿದವರು. ತೀರ್ಪು ಓದುವಾಗ ಈ ಎಚ್ಚರ ಇರಲಿ. ನಿಯಮ ಶುದ್ಧವಾಗಿದೆ ಎಂದ ಮಾತ್ರಕ್ಕೆ ನಡೆದ ಪ್ರತಿಯೊಂದೂ ನಿಯಮದಂತೆಯೇ ನಡೆದಿದೆ ಎಂದಾಗುವುದಿಲ್ಲ.

ಈಗ ತೀರ್ಪು

2006ರಲ್ಲಿ ಜೈಪುರದ ವಕೀಲ ನಿಖಿಲ್ ಸೋನಿ ಅವರು ರಾಜಸ್ಥಾನ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಸಂಥಾರ ಎಂದರೆ ಆತ್ಮಹತ್ಯೆಯೇ, ಅದಕ್ಕೆ ಸಹಾಯ ಮಾಡುವವರು ಪ್ರಚೋದನೆ ಕೊಟ್ಟ ಅಪರಾಧಿಗಳು ಎಂಬುದು ಅವರ ವಾದ. ಒಂಬತ್ತು ವರ್ಷದ ನಂತರ, 2015ರ ಆಗಸ್ಟ್ 10ರಂದು ಹೈಕೋರ್ಟು ಒಪ್ಪಿತು. ಈ ಆಚರಣೆ ನಿಲ್ಲಿಸಿ, ದೂರು ಬಂದರೆ ದಂಡ ಸಂಹಿತೆಯ 309 ಅಥವಾ 306ನೇ ಕಲಮಿನ ಕೆಳಗೆ ಕೇಸು ಹಾಕಿ ಎಂದು ಸರ್ಕಾರಕ್ಕೆ ಹೇಳಿತು. 309 ಆತ್ಮಹತ್ಯೆಯ ಯತ್ನ, 306 ಅದಕ್ಕೆ ಪ್ರಚೋದನೆ.

ವಾದ ತಿರುಗಿದ ಜಾಗ ಇದು. ಸಂವಿಧಾನದ 25ನೇ ವಿಧಿ ಧರ್ಮಾಚರಣೆಯ ಸ್ವಾತಂತ್ರ್ಯ ಕೊಡುತ್ತದೆ. ಆದರೆ ನ್ಯಾಯಾಲಯಗಳು ಅದನ್ನು ಧರ್ಮದ "ಅತ್ಯಗತ್ಯ ಆಚರಣೆ"ಗೆ ಮಾತ್ರ ಎಂದು ಅಳೆಯುತ್ತಾ ಬಂದಿವೆ. ಈ ಅಳತೆಗೋಲು ಹುಟ್ಟಿದ್ದು ನಮ್ಮ ಉಡುಪಿಯ ಶಿರೂರು ಮಠದ ಕೇಸಿನಲ್ಲಿ, 1954ರಲ್ಲಿ. ಅಲ್ಲಿ ಸುಪ್ರೀಂ ಕೋರ್ಟು, ಯಾವ ಆಚರಣೆ ಅಗತ್ಯ ಎಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು ಎಂದಿತ್ತು. ಬರಬರುತ್ತಾ ಅದನ್ನು ತೂಗುವ ತಕ್ಕಡಿ ನ್ಯಾಯಾಧೀಶರ ಕೈಗೇ ಬಂತು. ರಾಜಸ್ಥಾನ ಹೈಕೋರ್ಟು ಕೇಳಿದ್ದು, ಮೋಕ್ಷಕ್ಕೆ ಸಂಥಾರ ಬೇಕೇ ಬೇಕು ಎಂದು ಗ್ರಂಥಗಳಲ್ಲಿ ಎಲ್ಲಿದೆ ತೋರಿಸಿ ಎಂದು. ಹಾಗೆ ತೋರಿಸಲಾಗಿಲ್ಲ, ಆದ್ದರಿಂದ ಅತ್ಯಗತ್ಯವಲ್ಲ ಎಂದಿತು.

ನನಗೆ ಇಲ್ಲೇ ತಕರಾರು. ಸಲ್ಲೇಖನ ಬೇಕಾದವರು ಹಿಡಿಯುವ ವ್ರತ. ಹೆಚ್ಚಿನ ಜೈನರು ಹಿಡಿಯುವುದೇ ಇಲ್ಲ. ಎಲ್ಲರೂ ಹಿಡಿಯಲೇಬೇಕು ಎಂದಿದ್ದರೆ ಅತ್ಯಗತ್ಯ ಎಂಬ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು, ಆದರೆ ಆಗ ಅದು ಎಷ್ಟು ಭಯಾನಕವಾಗುತ್ತಿತ್ತು ಯೋಚಿಸಿ! ಸ್ವಇಚ್ಛೆಯೇ ಇದರ ಜೀವ. ಅದೇ ಕಾರಣಕ್ಕೆ ಕೋರ್ಟಿನಲ್ಲಿ ಸೋತಿತು. ಕಡ್ಡಾಯವೇ ಎಂದು ಕೇಳುವ ಬದಲು, ಈ ವ್ಯಕ್ತಿ ತಾನಾಗಿಯೇ ತೀರ್ಮಾನಿಸಿದರೇ, ಮನಸ್ಸು ಬದಲಾದರೆ ವಾಪಸ್ ಬರಲು ದಾರಿ ಇತ್ತೇ ಎಂದು ಕೇಳಬೇಕಿತ್ತು.

ಇನ್ನೊಂದು ಕಡೆ ಹೈಕೋರ್ಟಿನ ಮಾತಿಗೆ ತೂಕವಿದೆ. 25ನೇ ವಿಧಿ ಬೇಲಿ ಇಲ್ಲದ ಹೊಲವಲ್ಲ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯ ಮತ್ತು ಉಳಿದ ಮೂಲಭೂತ ಹಕ್ಕುಗಳಿಗೆ ಒಳಪಟ್ಟೇ ಅದು ಇದೆ. ಜೀವಿಸುವ ಹಕ್ಕಿನಲ್ಲಿ ಸಾಯುವ ಹಕ್ಕು ಇಲ್ಲ ಎಂದು ಸುಪ್ರೀಂ ಕೋರ್ಟು 1996ರಲ್ಲಿ ಗ್ಯಾನ್ ಕೌರ್ ಕೇಸಿನಲ್ಲಿ ಹೇಳಿತ್ತು. ಆದರೆ ಅದೇ ತೀರ್ಪು, ಸಾವಿನ ಪ್ರಕ್ರಿಯೆ ಆಗಲೇ ಶುರುವಾಗಿರುವವರ ಘನತೆಯ ಬಗ್ಗೆ ಒಂದು ಕಿಟಕಿ ತೆರೆದಿಟ್ಟಿತ್ತು. ಅಂತಿಮ ಹಂತದ ರೋಗಿಗೂ ಗಟ್ಟಿಮುಟ್ಟಾದ ಮನುಷ್ಯನಿಗೂ ಒಂದೇ ಅಳತೆ ಇಟ್ಟ ಹೈಕೋರ್ಟು ಆ ಕಿಟಕಿಯತ್ತ ಸಾಕಷ್ಟು ನೋಡಲಿಲ್ಲ ಎಂದು ನನ್ನ ಅನಿಸಿಕೆ.

ದೇಶದ ಉದ್ದಗಲಕ್ಕೂ ಜೈನರು ಮೌನ ಮೆರವಣಿಗೆ ಮಾಡಿದರು. ಆಗಸ್ಟ್ 31ರಂದು ಸುಪ್ರೀಂ ಕೋರ್ಟು ತೀರ್ಪಿಗೆ ತಡೆ ಕೊಟ್ಟಿತು. ಗಮನಿಸಿ, ತಡೆ ಎಂದರೆ ಹೈಕೋರ್ಟಿನ ಆದೇಶ ಸದ್ಯಕ್ಕೆ ಜಾರಿಯಾಗುವುದಿಲ್ಲ ಎಂದಷ್ಟೇ. "ಸುಪ್ರೀಂ ಕೋರ್ಟು ಸಲ್ಲೇಖನವನ್ನು ಒಪ್ಪಿದೆ" ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದರೆ ನಂಬಬೇಡಿ. ಅದು ಧರ್ಮದ ಹಕ್ಕೇ ಎಂಬ ಪ್ರಶ್ನೆಗೆ ಅವತ್ತು ಉತ್ತರ ಸಿಗಲಿಲ್ಲ.

ಆಮೇಲೆ ಬದಲಾದದ್ದು

2018ರಲ್ಲಿ ಸುಪ್ರೀಂ ಕೋರ್ಟು, ವಾಸಿಯಾಗದ ರೋಗಿಯ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು, ಅದಕ್ಕೆ ಮುಂಚಿತವಾಗಿ ಬರೆದಿಡಬಹುದು ಎಂದು ಒಪ್ಪಿತು. ಆದರೆ ಅದು ಚಿಕಿತ್ಸೆಯ ಮಾತು. ಬಾಯಿಯಿಂದ ತಿನ್ನುವ ಅನ್ನವನ್ನು ಬಿಡುವ ವ್ರತದ ಬಗ್ಗೆ ಅಲ್ಲಿ ತೀರ್ಮಾನವಿಲ್ಲ.

2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಬಂತು. ಅದರಲ್ಲಿ ಹಳೆಯ 309 ಇಲ್ಲ. ಸರ್ಕಾರಿ ನೌಕರನನ್ನು ಒತ್ತಾಯಿಸಲು ಅಥವಾ ತಡೆಯಲು ಆತ್ಮಹತ್ಯೆಗೆ ಯತ್ನಿಸಿದರೆ ಮಾತ್ರ 226ನೇ ಕಲಮಿನಲ್ಲಿ ಶಿಕ್ಷೆ. ಹಾಗಾಗಿ ವ್ರತ ಹಿಡಿದ ಮುದುಕಿಯ ಮೇಲೆ ಕೇಸು ಹಾಕಲು ಈಗ ಕಲಮೇ ಸಿಗುವುದು ಕಷ್ಟ. ಆದರೆ ಪ್ರಚೋದನೆಯ ಕಲಮು 108 ಆಗಿ ಉಳಿದಿದೆ, ಹತ್ತು ವರ್ಷದವರೆಗೆ ಜೈಲು. ಅಂದರೆ ಕಾನೂನಿನ ಕಣ್ಣು ಹಾಸಿಗೆಯ ಮೇಲಿದ್ದವರಿಂದ ಹಾಸಿಗೆಯ ಸುತ್ತ ಕೂತವರ ಕಡೆಗೆ ತಿರುಗಿದೆ. ಮಗ, ಸೊಸೆ, ಗುರು, ಅಕ್ಕಪಕ್ಕದವರು.

ಅನುಮಾನ ಬರಬೇಕಾದದ್ದೂ ಅಲ್ಲೇ. ವ್ರತ ಹಿಡಿದವರು ನೀರು ಕೇಳಿದರೆ ಕೊಡುತ್ತಾರೋ ಇಲ್ಲವೋ? ಅವರ ಜೊತೆ ಡಾಕ್ಟರು ಒಬ್ಬರೇ ಕೂತು ಮಾತಾಡಲು ಮನೆಯವರು ಬಿಡುತ್ತಾರೋ? ಸಾಯುವ ಮುಂಚೆಯೇ ಬ್ಯಾನರು, ಮೆರವಣಿಗೆ ಸಿದ್ಧವಾಗಿದೆಯೋ? ಊರೆಲ್ಲ ಬಂದು ಕಾಲಿಗೆ ಬೀಳಲು ಶುರುಮಾಡಿದ ಮೇಲೆ "ನನಗೆ ಹಸಿವಾಗ್ತಿದೆ" ಎನ್ನಲು ಯಾರಿಗೆ ಧೈರ್ಯ ಬರುತ್ತೆ, ಅಲ್ವಾ?

ಕೊನೆಗೆ, ಕಷ್ಟದ ಕೇಸನ್ನು ಇಟ್ಟು ನೋಡಿ

2025ರಲ್ಲಿ ಇಂದೋರಿನಲ್ಲಿ ಮೂರು ವರ್ಷದ ಒಂದು ಮಗುವಿಗೆ ಸಂಥಾರ ವ್ರತ ಕೊಡಿಸಿದ ಸುದ್ದಿ ಬಂತು. ಮಗುವಿಗೆ ಮೆದುಳಿನಲ್ಲಿ ಗಡ್ಡೆ ಇತ್ತು. ವಿಷಯ ಮಧ್ಯಪ್ರದೇಶ ಹೈಕೋರ್ಟಿನ ಮೆಟ್ಟಿಲು ಹತ್ತಿತು.

ಎರಡನೇ ಹೆಜ್ಜೆಯಲ್ಲಿ ಓದಿದ ನಿಯಮವನ್ನು ಇಲ್ಲಿ ಇಡಿ. ರೋಗ ಇದೆ. ಅದು ವಾಸಿಯಾಗದ್ದು ಎಂದೇ ಇಟ್ಟುಕೊಳ್ಳೋಣ. ಗುರುಗಳೂ ಇದ್ದಾರೆ. ಆದರೆ ಬದುಕುವ ಆಸೆಯನ್ನೂ ಸಾಯುವ ಆಸೆಯನ್ನೂ ಬಿಡಬೇಕು ಎಂದು ಸೂತ್ರ ಹೇಳುತ್ತದೆ. ಅದನ್ನು ಬಿಡಬೇಕಾದವರು ವ್ರತ ಹಿಡಿದವರೇ. ಮೂರು ವರ್ಷದ ಮಗು ಹಾಗಂದರೇನು ಎಂದು ತಿಳಿದು ಬಿಡಲು ಆಗುತ್ತದೆಯೇ? ಅಪ್ಪ ಅಮ್ಮನ ಸಂಕಟ ನನಗೆ ಅರ್ಥವಾಗುತ್ತದೆ, ಅವರನ್ನು ಕಟಕಟೆಗೆ ನಿಲ್ಲಿಸುವ ಆತುರ ನನಗಿಲ್ಲ. ಆದರೆ ಅದನ್ನು ಸಲ್ಲೇಖನ ಎಂದು ಕರೆಯಲು ಸಮಂತಭದ್ರರ ಗುರುಗಳು ಒಪ್ಪುತ್ತಿರಲಿಲ್ಲ. ಉಗ್ರಾಣದ ಸರಕು ಯಾವುದು ಎಂದು ಹೇಳಬೇಕಾದವನು ವ್ಯಾಪಾರಿ. ಇಲ್ಲಿ ವ್ಯಾಪಾರಿಗೆ ಇನ್ನೂ ಸರಿಯಾಗಿ ಮಾತೇ ಬಂದಿರಲಿಲ್ಲ.